ಇಂಗ್ಲಿಷ್‌ನಲ್ಲಿ ರಜೆ ಪತ್ರ: ‘ನನಗೆ’ ಬಂದಲ್ಲಿ ಎಚ್ಚರ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದ ಕನ್ನಡ ಮೀಡಿಯಂ ಹುಡುಗರು ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ರಜೆ ಪತ್ರದಲ್ಲಿ. ಯಾರದ್ದೋ ಹಳೇ ಪತ್ರ ನೋಡಿ ಇಳಿಸುತ್ತಾರೆ. ಜ್ವರ ಬಿಟ್ಟು ಡ್ಯೂಟಿಗೆ ಬಂದವರೂ ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂದೇ ಬರೆಯುತ್ತಾರೆ. ಅಂದರೆ ಜ್ವರ ಈಗಲೂ ಇದೆ ಎಂದಾಯಿತು, ಅಲ್ವಾ?

ಮೊದಲು ಹೇಳಬೇಕಾದದ್ದನ್ನು ಕನ್ನಡದಲ್ಲೇ ಬರೆಯಿರಿ. ಉದಾಹರಣೆಗೆ: ‘ಜ್ವರ ಬಂದು ಜೂನ್ 8, 9ರಂದು ಡ್ಯೂಟಿಗೆ ಬರೋಕೆ ಆಗಲಿಲ್ಲ, ಅದಕ್ಕೆ ಎರಡು ದಿನ ರಜೆ ಕೊಡಿ ಸಾರ್.’

ಇದನ್ನು ಒಡೆಯಿರಿ. ಒಂದು ವಾಕ್ಯಕ್ಕೆ ಒಂದೇ ಕ್ರಿಯೆ. ನನಗೆ ಜ್ವರ ಬಂದಿತ್ತು. ನನಗೆ ಡ್ಯೂಟಿಗೆ ಬರೋಕೆ ಆಗಲಿಲ್ಲ. ರಜೆ ಕೊಡಿ.

ಈಗ ಮುಖ್ಯವಾದ ಹೆಜ್ಜೆ. ಕನ್ನಡದಲ್ಲಿ ಜ್ವರ ‘ನನಗೆ’ ಬರುತ್ತದೆ. ಕೋಲಾರದ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನಲ್ಲೂ ಹಾಗೇ. ಅದನ್ನೇ ಪದಕ್ಕೆ ಪದ ಇಟ್ಟರೆ ‘ಫಾರ್ ಮಿ ಫೀವರ್ ಕೇಮ್’ ಆಗುತ್ತದೆ. ಇಂತಹ ಕಡೆ ‘ನನಗೆ’ ತೆಗೆದು ‘ಐ’ ಹಾಕಿ, ಅದರ ಪಕ್ಕದಲ್ಲೇ ಕ್ರಿಯೆ ಇಡಿ: ‘ಐ ಹ್ಯಾಡ್ ಫೀವರ್.’ ಎರಡನೆಯದಕ್ಕೂ ಅದೇ ಲೆಕ್ಕ: ‘ಐ ಕುಡ್ ನಾಟ್ ಕಮ್ ಟು ವರ್ಕ್ ಆನ್ 8 ಅಂಡ್ 9 ಜೂನ್.’

ಇಲ್ಲಿ ಕೈ ಜಾರುವುದು ‘ಕಮ್’ನಲ್ಲಿ. ಆಗಿಹೋದ ವಿಷಯ ಅಂತ ಜಾಸ್ತಿ ಜನ ‘ಕುಡ್ ನಾಟ್ ಕೇಮ್’ ಎಂದು ಬರೆಯುತ್ತಾರೆ. ಆಗಿಹೋದದ್ದನ್ನು ‘ಕುಡ್’ ಆಗಲೇ ಹೇಳಿಬಿಟ್ಟಿದೆ. ‘ಡಿಡ್ ನಾಟ್’ ಬಂದರೂ ಇಷ್ಟೇ. ಮುಂದಿನ ಕ್ರಿಯೆ ಮೂಲ ರೂಪದಲ್ಲೇ ಇರಬೇಕು.

ಮೂರನೆಯದರಲ್ಲಿ ತಪ್ಪಿಗಿಂತ ದನಿಯ ತೊಂದರೆ. ‘ಐ ವಾಂಟ್ ಲೀವ್’ ವ್ಯಾಕರಣಕ್ಕೆ ಸರಿ, ಆದರೆ ಜಬರ್ದಸ್ತಿ ಮಾಡಿದ ಹಾಗೆ ಕೇಳುತ್ತದೆ. ‘ಪ್ಲೀಸ್ ಗ್ರಾಂಟ್ ಮಿ ಲೀವ್ ಫಾರ್ ದೀಸ್ ಟೂ ಡೇಸ್’ ಸಾಕು. ಡಾಕ್ಟರ್ ಚೀಟಿ ಇದ್ದರೆ ಇನ್ನೊಂದು ಸಾಲು: ‘ಐ ಹ್ಯಾವ್ ಅಟ್ಯಾಚ್ಡ್ ದ ಮೆಡಿಕಲ್ ಸರ್ಟಿಫಿಕೇಟ್.’

ಇಷ್ಟೇ ಪತ್ರ. ‘ಕೈಂಡ್ಲಿ ಡು ದ ನೀಡ್‌ಫುಲ್’ ಅಂತೆಲ್ಲ ಸುಮ್ನೆ ಸೇರಿಸಬೇಡಿ. ಏನು ಬೇಕೆಂದು ಆಗಲೇ ಕೇಳಿದ್ದೀರಿ.

ಬರೆದಾದ ಮೇಲೆ ಪ್ರತಿ ವಾಕ್ಯದ ಶುರುವಿಗೆ ಬೆರಳಿಟ್ಟು ನೋಡಿ. ಯಾರು ಎನ್ನುವುದು ಇದೆಯಾ? ಕನ್ನಡದಲ್ಲಿ ‘ನಾನು’ ಬಿಟ್ಟರೂ ‘ಬರುತ್ತೇನೆ’ ಎಂದರೆ ಅರ್ಥವಾಗುತ್ತದೆ. ಇಂಗ್ಲಿಷ್‌ನಲ್ಲಿ ‘ವಿಲ್ ಕಮ್ ಟುಮಾರೊ’ ಎಂದರೆ ಯಾರು ಬರುತ್ತಾರೆಂದು ವಾಕ್ಯದಲ್ಲಿ ಇರುವುದೇ ಇಲ್ಲ. ‘ಪ್ಲೀಸ್’ ಎಂದು ಕೇಳಿಕೊಳ್ಳುವ ಸಾಲಿಗೆ ಮಾತ್ರ ‘ಐ’ ಬೇಡ.

ಮೇಲೆ ತಾರೀಕು, ‘ರೆಸ್ಪೆಕ್ಟೆಡ್ ಸರ್’. ಕೆಳಗೆ ‘ಯುವರ್ಸ್ ಫೇತ್‌ಫುಲಿ’, ಸಹಿ, ಹೆಸರು, ಎಂಪ್ಲಾಯೀ ನಂಬರ್. ‘ಯುವರ್ಸ್’ ಬರೆಯುವಾಗ ಎಸ್ ಅಕ್ಷರಕ್ಕೆ ಮೊದಲು ಮೇಲ್ಗಡೆ ಅಪಾಸ್ಟ್ರಫಿ ಗುರುತು ಹಾಕಬೇಡಿ.