ಹನ್ನೊಂದು ಹನ್ನೊಂದರ ಜಮಾ ಖರ್ಚು

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಲಾಟಿನ ಲೆಕ್ಕ, ಚೀಲದ ಲೆಕ್ಕ, ತೂಕದ ಲೆಕ್ಕ. ದಿನವಿಡೀ ಅಂಕಿಗಳ ಜೊತೆಗೇ ಇರುವವನು. ಆದರೂ ಕಳೆದ ಮಳೆಗಾಲದವರೆಗೆ ಮೊಬೈಲಿನಲ್ಲಿ 11:11 ಕಂಡದ್ದು ಒಂದು ಸಲವೂ ನೆನಪಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಒಂದು ವಿಡಿಯೋ ಕಳಿಸಿದಳು. 11:11 ಕಂಡರೆ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕಂತೆ. 4:44 ಅಂದರೆ ಯಾರೋ ನಮ್ಮನ್ನು ಕಾಯುತ್ತಿದ್ದಾರಂತೆ. ಇವಕ್ಕೆ ಏಂಜೆಲ್ ನಂಬರ್ ಅಂತ ಹೆಸರು. ನಕ್ಕು ಸುಮ್ಮನಾದೆ. ಆದರೆ ಆ ವಾರದಲ್ಲೇ ಮೂರು ಸಲ 11:11 ಕಂಡಿತು! ಮುಂದಿನ ವಾರ 4:44, 2:22. ಒಂದು ಸಂಜೆ 5:55 ನೋಡಿದ ಧೈರ್ಯದಲ್ಲಿ ಮನೆಯ ಎರಡು ಚೀಲ ಚಾಲಿಯನ್ನು ಮಾರದೇ ಇಟ್ಟೆ, ದರ ಏರುತ್ತದೆ ಅಂತ. ಇಳಿಯಿತು. ಆ ಸಿಟ್ಟಿಗೇ ಲೆಕ್ಕ ಹಿಡಿಯೋಣ ಅನ್ನಿಸಿದ್ದು.

ಖಾತೆ ಬರೆಯುವವರಿಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಜಮಾ ಬದಿ ಮಾತ್ರ ಬರೆದು ಖರ್ಚಿನ ಬದಿ ಖಾಲಿ ಬಿಟ್ಟರೆ ಯಾವ ಅಂಗಡಿಯೂ ಲಾಭದಲ್ಲೇ ಕಾಣುತ್ತದೆ. ನನ್ನ ತಲೆಯಲ್ಲಿ 11:11 ಕಂಡದ್ದೆಲ್ಲ ಜಮಾ ಆಗಿತ್ತು. 10:52, 3:07, 4:38 ಕಂಡದ್ದು ಎಲ್ಲೂ ದಾಖಲಾಗಿರಲಿಲ್ಲ. ಹಾಗಾದರೆ ಗಡಿಯಾರವನ್ನು ಒಟ್ಟು ಎಷ್ಟು ಸಲ ನೋಡುತ್ತೇನೆ? ಅದು ತಿಳಿಯದೆ ಉಳಿದ ಮಾತೆಲ್ಲ ಗಾಳಿಮಾತು.

ಒಂದು ಸಣ್ಣ ಪುಸ್ತಕ ಕಿಸೆಯಲ್ಲಿಟ್ಟುಕೊಂಡೆ. ಮೊಬೈಲ್ ತೆರೆದಾಗಲೆಲ್ಲ ಅದರಲ್ಲಿದ್ದ ಸಮಯವನ್ನು ಹಾಗೇ ಬರೆಯುವುದು, ಅಷ್ಟೇ. ಮೊದಲ ದಿನ ರಾತ್ರಿ ಎಣಿಸಿದರೆ 37 ಸಲ. ಪರವಾಗಿಲ್ಲ, ಮೊಬೈಲ್ ಚಟ ಅಷ್ಟೇನೂ ಇಲ್ಲ ಅಂತ ಖುಷಿಯಾಯಿತು. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದೆ. ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿದ್ದೇವೆ ಎನ್ನುವುದನ್ನು ಅದು ಲೆಕ್ಕ ಇಟ್ಟಿರುತ್ತದೆ. 94 ಅಂತ ಇತ್ತು.

ಅಂದರೆ 57 ಸಲ ಫೋನ್ ಕೈಗೆತ್ತಿಕೊಂಡು, ತೆರೆದು, ಒಳಗಿಟ್ಟಿದ್ದೇನೆ. ಬರೆಯಲೇಬೇಕು ಅಂತ ಹಟ ಹಿಡಿದ ದಿನವೂ ಅವು ಗಮನಕ್ಕೆ ಬಂದಿಲ್ಲ. ಆಗ ಗಂಟೆ ಎಷ್ಟಾಗಿತ್ತು ಅಂದರೆ ಒಂದೂ ಹೇಳಲಾರೆ. ಆದರೆ ಆ 57ರಲ್ಲಿ ಒಂದು 11:11 ಇದ್ದಿದ್ದರೆ ಬರೆಯದೇ ಬಿಡುತ್ತಿದ್ದೆನಾ? ಖಂಡಿತ ಇಲ್ಲ. ಅಲ್ಲಿಗೆ ನನ್ನ ಪುಸ್ತಕವೂ ಒಂದೇ ಬದಿಗೆ ವಾಲಿದೆ ಅಂತಾಯಿತು. ಇಂಥ ಲೆಕ್ಕ ಇಡುವವರು ಮೊದಲು ಎಡವುವುದು ಇಲ್ಲೇ. ವಿಶೇಷ ಸಂಖ್ಯೆ ತಾನಾಗೇ ಬರೆಸಿಕೊಳ್ಳುತ್ತದೆ, ಉಳಿದದ್ದು ಜಾರಿಹೋಗುತ್ತದೆ.

ಸ್ಟ್ಯಾನ್‌ಫೋರ್ಡ್‌ನ ಭಾಷಾಶಾಸ್ತ್ರಜ್ಞ ಆರ್ನಾಲ್ಡ್ ಜ್ವಿಕಿ 2005ರಲ್ಲಿ ಇಂಥದ್ದಕ್ಕೆ ಫ್ರೀಕ್ವೆನ್ಸಿ ಇಲ್ಯೂಷನ್ ಅಂತ ಹೆಸರಿಟ್ಟರು. ಪದೇ ಪದೇ ಕಾಣುವ ಭ್ರಮೆ ಅನ್ನಬಹುದು. ಅವರು ಯೋಚಿಸುತ್ತಿದ್ದದ್ದು ಮಾತಿನ ಬಗ್ಗೆ. ಒಂದು ಪದ ಹೊಸದಾಗಿ ಗಮನಕ್ಕೆ ಬಂದರೆ ಈಗ ಎಲ್ಲರೂ ಅದನ್ನೇ ಬಳಸುತ್ತಿದ್ದಾರೆ ಅನ್ನಿಸತೊಡಗುತ್ತದೆ. ಅವರ ಪ್ರಕಾರ ಇಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಗಮನ ತನಗೆ ಬೇಕಾದ್ದನ್ನು ಮಾತ್ರ ಆರಿಸುತ್ತದೆ. ಮನಸ್ಸು ಆರಿಸಿದ್ದನ್ನೇ ಸಾಕ್ಷಿ ಮಾಡಿಕೊಳ್ಳುತ್ತದೆ. ಮನೆಗೆ ಹೊಸ ಸ್ಕೂಟರ್ ತಂದ ವಾರ ಶಿರಸಿ ತುಂಬ ಅದೇ ಬಣ್ಣದ ಸ್ಕೂಟರ್ ಓಡಾಡುತ್ತವಲ್ಲ, ಅದೇ ಇದು.

ಹತ್ತು ದಿನದ ಎರಡನೇ ಸುತ್ತನ್ನು ಸರಿಯಾಗಿ ಮಾಡಬೇಕಿತ್ತು. ಫೋನಿನ ಬೆನ್ನಿಗೆ ಒಂದು ಚೀಟಿ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದೆ. ಎತ್ತಿಕೊಂಡರೆ ಚೀಟಿ ಬೆರಳಿಗೆ ತಾಗಲೇಬೇಕು. ರಾತ್ರಿ ಚೀಟಿಯ ಲೆಕ್ಕವನ್ನು ಫೋನಿನ ಲೆಕ್ಕಕ್ಕೆ ತಾಳೆ ನೋಡುತ್ತಿದ್ದೆ. ದಿನಕ್ಕೆ ಎಂಟು ಹತ್ತು ತಪ್ಪಿಹೋಗುತ್ತಿತ್ತು, ಉಳಿದದ್ದೆಲ್ಲ ಸಿಕ್ಕಿತು.

ಹೋಲಿಸಿ ನೋಡಲು ಇನ್ನೊಂದು ಪಟ್ಟಿಯೂ ಬೇಕಲ್ಲ. ವಖಾರಿಯಲ್ಲಿ ತೂಕಕ್ಕೆ ನಿಲ್ಲುವ ಅಣ್ಣನಿಗೆ ಹೇಳಿದೆ, "ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರೊಳಗೆ ಯಾವುದಾದರೂ ಆರು ಸಮಯ ಬರೆದಿಡು, ಅಣ್ಣ. ಅರ್ಥ ಪರ್ಥ ಇಲ್ಲದ್ದು. ನನಗೆ ತೋರಿಸಬೇಡ."

"ಭಟ್ರೇ, ಆರಾಮಿದ್ದೀರಲ್ಲ?" ಅಂದ. ಆದರೂ ಬರೆದು, ಮಡಚಿ, ತೂಕದ ಯಂತ್ರದ ಅಡಿಗೆ ಸಿಕ್ಕಿಸಿಟ್ಟ.

ಆರೇ ಯಾಕೆ ಅಂದರೆ, ನಾನು ಎಚ್ಚರ ಇರುವ 17 ಗಂಟೆಯಲ್ಲಿ ಎಲ್ಲ ಅಂಕಿಯೂ ಒಂದೇ ಆಗಿರುವ ಸಮಯ ಆರೇ ಇವೆ. ಬೆಳಿಗ್ಗೆ 11:11, ಆಮೇಲೆ 1:11, 2:22, 3:33, 4:44, 5:55. ಹದಿನೇಳು ಗಂಟೆ ಅಂದರೆ 1020 ನಿಮಿಷ. ಅದರಲ್ಲಿ ಆರು ಅಂದರೆ 170ಕ್ಕೆ ಒಂದು. ಹತ್ತು ದಿನಕ್ಕೆ ಚೀಟಿಯಲ್ಲಿ 812 ನೋಟ ದಾಖಲಾದವು. ಏನೂ ವಿಶೇಷ ಇಲ್ಲದಿದ್ದರೂ ಐದರ ಹತ್ತಿರ ಬರಬೇಕು. ಅಣ್ಣನ ಆರು ಸಮಯಕ್ಕೂ ಇದೇ ಲೆಕ್ಕ.

ಹನ್ನೊಂದನೇ ದಿನ ಚೀಟಿ ಬಿಚ್ಚಿದೆವು. ಅವನ ಪಟ್ಟಿಯಲ್ಲಿ 8:19, 10:47, 12:38, 3:26, 6:52, 9:04 ಇದ್ದವು. ಅವುಗಳಲ್ಲಿ ನನ್ನ ಬರಹದಲ್ಲಿ ಸಿಕ್ಕಿದ್ದು ನಾಲ್ಕು ಸಲ. ನನ್ನದೇ ಅಕ್ಷರ, ಆದರೆ ಆ ನಾಲ್ಕರಲ್ಲಿ ಒಂದನ್ನೂ ನೋಡಿದ ನೆನಪಿಲ್ಲ. ಏಂಜೆಲ್ ಸಮಯ ಸಿಕ್ಕಿದ್ದು ಒಂಬತ್ತು ಸಲ. ಅವು ಒಂದೊಂದೂ ಎಲ್ಲಿ ನಿಂತು ನೋಡಿದ್ದು ಅಂತ ಈಗಲೂ ಹೇಳಬಲ್ಲೆ.

ಐದು ಬರಬೇಕಾದಲ್ಲಿ ಒಂಬತ್ತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಇಷ್ಟು ಸಣ್ಣ ಲೆಕ್ಕದಲ್ಲಿ ಒಂದೆರಡು ಆಚೀಚೆ ಆಗುವುದು ಸಹಜ. ಆದರೂ ಯಾಕೆ ಜಾಸ್ತಿ ಅಂತ ಪುಟ ತಿರುವಿದೆ. ಒಂಬತ್ತರಲ್ಲಿ ಐದು 11:11ರದ್ದೇ. ಸುತ್ತಮುತ್ತಲಿನ ನೋಟಗಳನ್ನು ನೋಡಿದರೆ 11:08, 11:13, 11:10, 11:14 ಹೀಗೆ ಅಲ್ಲೇ ಗುಂಪು ಕಟ್ಟಿಕೊಂಡಿವೆ. ನಮ್ಮಲ್ಲಿ ಹನ್ನೊಂದಕ್ಕೆ ಚಹಾ ಬರುತ್ತದೆ. ಕುಡಿದು, ಎರಡು ಮಾತಾಡಿ, ಕುರ್ಚಿಗೆ ಬಂದು ಕೂತ ಕೂಡಲೇ ಫೋನ್ ತೆಗೆಯುತ್ತೇನೆ. ಹತ್ತು ನಿಮಿಷವಾಗಿರುತ್ತದೆ. ನಾವು ಗಡಿಯಾರ ನೋಡುವುದು ಲಾಟರಿ ಚೀಟಿ ಎತ್ತಿದ ಹಾಗಲ್ಲ. ಚಹಾ, ಊಟ, ಬಸ್ಸಿಗೆ ಹೊರಡುವ ಹೊತ್ತು ಇವೆಲ್ಲ ಸೇರಿ ನಮ್ಮ ನೋಟವನ್ನು ಕೆಲವೇ ನಿಮಿಷಗಳಿಗೆ ಕಟ್ಟಿಹಾಕಿರುತ್ತವೆ. 170ಕ್ಕೆ ಒಂದು ಎನ್ನುವ ನನ್ನ ಲೆಕ್ಕವೇ ಅಷ್ಟರ ಮಟ್ಟಿಗೆ ತಪ್ಪು.

ಇನ್ನೊಂದು ಹೇಳಲು ನಾಚಿಕೆಯಾಗುತ್ತದೆ. ಆ ಐದರಲ್ಲಿ ಎರಡು ಸಲ ಚೀಟಿಯಲ್ಲಿ ಮೊದಲು 11:10 ಇದೆ, ಅದರ ಕೆಳಗೇ 11:11 ಇದೆ. ಒಂದು ನಿಮಿಷದಲ್ಲಿ ಎರಡು ಸಲ ಫೋನ್ ನೋಡುವಂಥದ್ದು ಏನಿತ್ತು? ಏನೂ ಇಲ್ಲ, ಕಾಯುತ್ತಿದ್ದೆ.

ಇಷ್ಟೆಲ್ಲ ಆದಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. "ತಮಾ, ನಂಗೆ ಒಂದಿನಾನೂ ಕಂಡಿದ್ದಿಲ್ಲೆ. ಎಂತಕ್ಕೆ?"

ಅಮ್ಮ ನೋಡುವುದು ಅಡುಗೆಮನೆಯ ಗೋಡೆ ಗಡಿಯಾರ. ಮರುದಿನ ರಜೆ ಇತ್ತು, ಬೇಕೆಂದೇ ಅದರ ಮುಂದೆ ನಿಂತೆ. ಸರಿಯಾಗಿ 11:11ಕ್ಕೆ ಸಣ್ಣ ಮುಳ್ಳು ಹನ್ನೊಂದನ್ನು ದಾಟಿ ಸ್ವಲ್ಪ ಮುಂದಿತ್ತು. ದೊಡ್ಡ ಮುಳ್ಳು ಎರಡನ್ನು ದಾಟಿತ್ತು. ನಾಲ್ಕು ಒಂದುಗಳು ಎಲ್ಲೂ ಇರಲಿಲ್ಲ. ಅಮ್ಮನ ಮಟ್ಟಿಗೆ ಅದು ಹನ್ನೊಂದೂ ಕಾಲಾಗುತ್ತ ಬಂತು, ಅಕ್ಕಿ ತೊಳೆಯಬೇಕು ಅನ್ನುವ ಹೊತ್ತು. ಅಂಕಿ ತೋರಿಸುವ ಗಡಿಯಾರ ಇಲ್ಲದ ಮನೆಗೆ ಈ ದೇವತೆಗಳು ಬರುವುದಿಲ್ಲ ಅಂತಾಯಿತು.

ಅದರ ಬೆನ್ನಿಗೇ ಫೋನನ್ನು 24 ಗಂಟೆ ಕ್ರಮಕ್ಕೆ ಬದಲಿಸಿದೆ. ಮಧ್ಯಾಹ್ನದ 2:22 ಈಗ 14:22. 4:44 ಹೋಗಿ 16:44. ನನ್ನ ಆರರಲ್ಲಿ ಐದು ಒಂದೇ ಏಟಿಗೆ ಮಾಯ. ಬದಲಿಗೆ ರಾತ್ರಿ 22:22 ಹುಟ್ಟಿಕೊಂಡಿತು. ಅಕ್ಕನ ಮಗಳಿಗೆ ಹೇಳಿದರೆ, "ಮಾವ, ಹಾಗಿದ್ದರೆ 13:13, 14:14 ನೋಡು, ಅದೂ ಲೆಕ್ಕಕ್ಕೆ ಬರುತ್ತದೆ" ಅಂದಳು. ಪಟ್ಟಿ ಹೀಗೇ ಉದ್ದವಾಗುವುದು. ಹನ್ನೆರಡು ಗಂಟೆಯ ಗಡಿಯಾರದಲ್ಲಿ ಹಿಂದೆ ಮುಂದೆ ಓದಿದರೂ ಒಂದೇ ಆಗುವ ಸಮಯಗಳನ್ನು, ಅಂದರೆ 1:01, 3:43, 12:21 ಇಂಥವನ್ನು ಕೂತು ಎಣಿಸಿದೆ. 720 ನಿಮಿಷದಲ್ಲಿ ಅಂಥವು 57 ಇವೆ. ಹೆಚ್ಚುಕಡಿಮೆ ಹದಿಮೂರಕ್ಕೆ ಒಂದು. ದಿನಕ್ಕೆ 90 ಸಲ ಫೋನ್ ನೋಡುವವರಿಗೆ ಅವೇ ಏಳು ಸಿಗುತ್ತವೆ. ಅದರ ಮೇಲೆ 12:34, 10:10, ಮಗಳ ಹುಟ್ಟಿದ ದಿನ, ಗಾಡಿ ನಂಬರ್ ಎಲ್ಲ ಸೇರಿಸಿದರೆ ಸಂಕೇತ ಸಿಗದ ದಿನವೇ ಅಪರೂಪ. ಯಾರಾದರೂ ಈ ಲೆಕ್ಕ ಮಾಡಿನೋಡುವುದಿದ್ದರೆ ಪಟ್ಟಿಯನ್ನು ಮೊದಲೇ ಬರೆದು ಬೀಗ ಹಾಕಿಡಿ. ಕಂಡಮೇಲೆ ಸೇರಿಸಿದ್ದನ್ನು ಎಣಿಸಬೇಡಿ.

ನನ್ನ ಲೆಕ್ಕಕ್ಕೂ ಮಿತಿ ಇದೆ. ಒಬ್ಬನೇ ಮನುಷ್ಯ, ಹತ್ತೇ ದಿನ, ಅದೂ ಏನು ಹುಡುಕುತ್ತಿದ್ದೇನೆ ಅಂತ ಗೊತ್ತಿದ್ದವನು. 11:11 ಕಂಡಾಗ ಅಕ್ಕನ ಮಗಳಿಗೆ ಸಮಾಧಾನ ಆಗುತ್ತದಲ್ಲ, ಅದು ಸುಳ್ಳು ಅಂತ ಈ ಚೀಟಿ ಹೇಳುವುದಿಲ್ಲ. ಸಮಾಧಾನ ನಿಜವೇ. ಅವಳು ಪರೀಕ್ಷೆಯ ದಿನಗಳಲ್ಲಿ ಅದನ್ನು ನೋಡಿ ಒಂದು ಉಸಿರು ಎಳೆದುಕೊಂಡರೆ ನನ್ನದೇನು ತಕರಾರು? ಎರಡು ಚೀಲ ಚಾಲಿ ಇಟ್ಟುಕೊಂಡು ಕೂತ ನನ್ನ ಬಗ್ಗೆ ಮಾತ್ರ ತಕರಾರು.

ಇನ್ನೊಂದು ಆಗಿದೆ. ತೂಕದ ಅಣ್ಣನ ಪಟ್ಟಿ ಬಿಚ್ಚಿದ ದಿನದಿಂದ 10:47 ನನ್ನ ಬೆನ್ನು ಬಿದ್ದಿದೆ. ಮೊದಲು ಹತ್ತು ದಿನ ಕಣ್ಣೆದುರೇ ಇದ್ದರೂ ಕಾಣದೇ ಇದ್ದದ್ದು ಈಗ ವಾರಕ್ಕೆ ಎರಡು ಸಲ ಎದ್ದು ಕಾಣುತ್ತದೆ. ಮೊನ್ನೆ ಒಂದು ರಾಶಿ ಲಾಟಿನ ನಂಬರ್ 1047 ಬಂತು. ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿ ತಲೆ ಎತ್ತಿದೆ. ಅಣ್ಣ ತೂಕದ ಯಂತ್ರದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದ.

"ಎಂಥ ಬೇಡ್ಕೊಂಡ್ರಿ ಭಟ್ರೇ?" ಅಂದ.