ನಿರೀಕ್ಷಿತ ಸಂಬಳ: ಕನಿಷ್ಠ ಅಂಕಿಯನ್ನು ಮೊದಲು ಲೆಕ್ಕ ಹಾಕಿ

ಹಾಸನದಿಂದ ಬೆಂಗಳೂರಿನ ಕೆಲಸಗಳಿಗೆ ಅರ್ಜಿ ಹಾಕುತ್ತಿರುವವರಿಗೆ ಒಂದು ಸಲಹೆ. ಸಂಬಳದ ನಿರೀಕ್ಷೆ ಕೇಳಿದಾಗ ‘25ರಿಂದ 35 ಸಾವಿರ’ ಎಂದು ಅಂದಾಜಿನಲ್ಲಿ ಹೇಳಬೇಡಿ. ಎಷ್ಟೋ ಕಡೆ ಮಾತುಕತೆ ಆ 25ರಿಂದಲೇ ಶುರುವಾಗುತ್ತದೆ. ಆದ್ದರಿಂದ ಕನಿಷ್ಠ ಅಂಕಿ ನೀವು ನಿಜವಾಗಿಯೂ ಒಪ್ಪುವಂಥದ್ದಾಗಿರಲಿ.

ಪಿಜಿ ಬಾಡಿಗೆ, ಊಟ, ಓಡಾಟ, ಮನೆಗೆ ಕಳುಹಿಸುವ ಹಣ ಸೇರಿ ತಿಂಗಳಿಗೆ 28,000 ಕೈಗೆ ಬರಬೇಕು ಎಂದುಕೊಳ್ಳಿ. ಮೂಲ ವೇತನ 15,000 ಇದ್ದರೆ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತವಾಗುತ್ತದೆ. ಅಂದರೆ ಒಟ್ಟು ಸಂಬಳ 30,000 ಬೇಕು. ಕಂಪನಿಯವರು ಹೇಳುವ ಸಿಟಿಸಿ ಎಂದರೆ ನಿಮಗಾಗಿ ಅವರು ಮಾಡುವ ಒಟ್ಟು ಖರ್ಚು; ಅದರಲ್ಲಿ ಅವರ ಪಾಲಿನ ಪಿಎಫ್, ಸಾಮಾನ್ಯವಾಗಿ ಗ್ರಾಚ್ಯುಟಿಯೂ ಸೇರಿರುತ್ತವೆ. ಹಾಗಾಗಿ ವರ್ಷಕ್ಕೆ ಸುಮಾರು 3.9 ಲಕ್ಷವಾಗುತ್ತದೆ.

ಫೋನಿನಲ್ಲಿ ಹೀಗೆ ಹೇಳಿ: ‘ಕೆಲಸದ ಜವಾಬ್ದಾರಿ ನೋಡಿಕೊಂಡು ವರ್ಷಕ್ಕೆ 3.9ರಿಂದ 4.5 ಲಕ್ಷ ಸಿಟಿಸಿ ನಿರೀಕ್ಷಿಸುತ್ತೇನೆ. ನೀವು ನಿಗದಿಪಡಿಸಿದ ಮೊತ್ತ ಎಷ್ಟು, ಸರ್?’ ಅವರ ಮಿತಿ 3.2 ಲಕ್ಷವೆಂದರೆ ಸಂದರ್ಶನಕ್ಕೆ ಬಸ್ ಹತ್ತುವ ಮೊದಲೇ ತಿಳಿಯುತ್ತದೆ.

ಫಾರಂ ಒಂದೇ ಅಂಕಿ ಕೇಳಿದರೆ 4,20,000 ತುಂಬಿಸಿ. ಅಲ್ಲಿ ಕೇಳಿರುವುದು ತಿಂಗಳದ್ದೋ ವರ್ಷದ್ದೋ ಎಂದು ಖಂಡಿತ ನೋಡಿಕೊಳ್ಳಿ.