ಲೆನ್ಸ್ ಸರಿ ಮಾಡಿದ ಮೇಲೆ ಅಂಜಲ್ ಮೂರು ಸೆಂ.ಮೀ. ಉದ್ದವಾಯಿತು

ಉಪ್ಪಳದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ಸೀಸನ್ ಮುಗಿದರೆ ಕೈ ಖಾಲಿ. ಭಾವ ಮಂಜೇಶ್ವರ ದಕ್ಕೆಯಲ್ಲಿ ಮೀನು ಖರೀದಿ ಮಾಡುವವರು. ಸೈಜಿನ ಮೇಲೆ ರೇಟು, ಹಾಗಾಗಿ ಸೈಜಿನ ಮೇಲೆಯೇ ಜಗಳ. ಏಲಂ ಮುಗಿದು ಐಸ್ ಬೀಳುವ ಮೊದಲಿನ ಐದಾರು ನಿಮಿಷದಲ್ಲಿ ಒಂದೊಂದನ್ನೂ ಟೇಪ್ ಹಿಡಿದು ಅಳೆಯುವುದು ಆಗದ ಮಾತು. ಮೇಲಿಂದ ಒಂದು ಫೋಟೋ ಹೊಡೆದು ಉದ್ದ ಹೇಳುತ್ತೇನೆ ಅಂದೆ. ಅಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರು, ‘ಫೋಟೋದಲ್ಲಿ ನಾನೂ ಆರಡಿ ಕಾಣ್ತೇನೆ ಮಾರಾಯ’ ಅಂದರು. ಅವರಿಗಾಗಿಯೇ ಇದನ್ನು ಬರೆಯುತ್ತಿರುವುದು ಅಂದರೂ ತಪ್ಪಿಲ್ಲ.

ಸೆಕೆಂಡ್ ಹ್ಯಾಂಡ್ ಆಕ್ಷನ್ ಕ್ಯಾಮೆರಾ ಒಂದು, ಸುಮಾರು ಒಂಬತ್ತು ಸಾವಿರ ಕೊಟ್ಟದ್ದು. ಜಾಗ ಇಕ್ಕಟ್ಟು, ಆದ್ದರಿಂದ ಮೀನು ಮಲಗಿಸುವ ಹಲಗೆಯಿಂದ 70 ಸೆಂ.ಮೀ. ಮೇಲೆ ಪೈಪಿಗೆ ಕಟ್ಟಿದೆ. ಅಷ್ಟು ಹತ್ತಿರದಿಂದ ಇಡೀ ಹಲಗೆ ಬೀಳಬೇಕಾದರೆ ವೈಡ್ ಲೆನ್ಸೇ ಬೇಕು, ವೈಡ್ ಎಂದರೆ ಅಂಚು ಒಳಗೆ ಬಾಗುವುದು ಗ್ಯಾರಂಟಿ. ನಡುವಿನಲ್ಲಿ 30 ಸೆಂ.ಮೀ.ನ ಸ್ಟೀಲ್ ಸ್ಕೇಲ್ ಅಂಟಿಸಿ, ಪಿಕ್ಸೆಲ್ ಎಣಿಸಿ, ಉದ್ದ ಹೇಳಲು ಶುರು ಮಾಡಿದೆ.

ಮೊದಲ ಪೆಟ್ಟು ಬಂಗುಡೆಯಲ್ಲಿ. ಕೇರಳದಲ್ಲಿ ಬಂಗುಡೆ 14 ಸೆಂ.ಮೀ.ಗಿಂತ, ಬೂತಾಯಿ 10 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಫ್ರೇಮಿನ ಅಂಚಿನಲ್ಲಿ, ನಡುವಿನ ಕಡೆ ಮೂತಿ ಮಾಡಿ ಮಲಗಿದ್ದ 15 ಸೆಂ.ಮೀ. ಬಂಗುಡೆ ನನ್ನ ಲೆಕ್ಕದಲ್ಲಿ 13 ಆಯಿತು. ಫೋಟೋ ನೋಡಿದ ಪಾರ್ಟಿ ಎರಡು ಬಾಕ್ಸ್ ವಾಪಸ್ ಕಳಿಸಿತು. ಭಾವನಿಗೆ ಮೂರು ಸಾವಿರದಷ್ಟು ಹೋಯಿತು, ನನಗೆ ಒಂದು ವಾರ ಅವರ ಮನೆಯಲ್ಲಿ ಚಾ ಇಲ್ಲ. ಅಂಚಿನಲ್ಲಿ ಅಡ್ಡ ಮಲಗಿದ ಮೀನು ಅಷ್ಟಾಗಿ ಕುಗ್ಗುವುದಿಲ್ಲ. ನಡುವಿನ ಕಡೆ ಮುಖ ಮಾಡಿದ್ದೇ ಹೆಚ್ಚು ಕುಗ್ಗುವುದು, ಸುಮಾರು ಮೂರು ಪಟ್ಟು. ಇದು ಆಮೇಲೆ ತಿಳಿದದ್ದು.

ಸರಿ, ಲೆನ್ಸ್ ಎಷ್ಟು ಬಾಗಿಸುತ್ತದೆ ಎಂದು ಅಳೆಯುವ ಕ್ಯಾಲಿಬ್ರೇಷನ್ ಮಾಡುವ ಎಂದು ಚೆಸ್‌ಬೋರ್ಡನ್ನು ಫ್ಲೆಕ್ಸಿನಲ್ಲಿ ಹೊಡೆಸಿದೆ. 350 ರೂಪಾಯಿ ನೀರಿಗೆ. ಫ್ಲೆಕ್ಸ್ ಗಾಳಿಗೆ ಅಲೆಅಲೆ, OpenCV ಲೈಬ್ರರಿಯ `cv2.calibrateCamera` ಕೊಟ್ಟ ತಪ್ಪು ಮೂರು ಪಿಕ್ಸೆಲಿನ ಹತ್ತಿರ. ಅದೇ ಚಿತ್ರವನ್ನು ಸಾದಾ ಕಾಗದದಲ್ಲಿ ತೆಗೆದು, ಹಳೆ ಫೋಟೋ ಫ್ರೇಮಿನ ಗಾಜಿಗೆ ಅಂಟಿಸಿದ ಮೇಲೆ ಅರ್ಧ ಪಿಕ್ಸೆಲಿಗಿಂತ ಕೆಳಗೆ ಇಳಿಯಿತು. ಪ್ರಿಂಟರ್ ಚೌಕವನ್ನು ಎಲ್ಲ ಕಡೆ ಒಂದೇ ಸಮ ಚಿಕ್ಕದು ಮಾಡಿದರೆ ಲೆನ್ಸಿನ ಲೆಕ್ಕ ಕೆಡುವುದಿಲ್ಲ. ಹಾಳೆ ಸಪಾಟಾಗಿಲ್ಲದಿದ್ದರೆ ಕೆಡುತ್ತದೆ. ಇನ್ನೊಂದು, ಬೋರ್ಡನ್ನು ಫ್ರೇಮಿನ ನಡುವೆಯೇ ಹಿಡಿದು ಇಪ್ಪತ್ತು ಫೋಟೋ ಹೊಡೆದರೆ ತಪ್ಪು ಚಂದಕ್ಕೆ ಕಡಿಮೆ ಬರುತ್ತದೆ, ಮೂಲೆಗಳು ಮಾತ್ರ ಸುಳ್ಳು ಹೇಳುತ್ತಲೇ ಇರುತ್ತವೆ. ನಾಲ್ಕೂ ಮೂಲೆಗೆ ಒಯ್ಯಿರಿ, ಓರೆ ಮಾಡಿ ಹಿಡಿಯಿರಿ. ಫೋಟೋ ಮೋಡಿನಲ್ಲಿ ಕ್ಯಾಲಿಬ್ರೇಟ್ ಮಾಡಿ ವಿಡಿಯೋದಿಂದ ಫ್ರೇಮ್ ತೆಗೆಯುವ ಬುದ್ಧಿವಂತಿಕೆಯೂ ನನ್ನಿಂದ ಆಗಿದೆ. ಕ್ರಾಪ್ ಬೇರೆ, ಲೆಕ್ಕ ಬೇರೆ, ಎರಡು ದಿನ ದಂಡ.

ಇಡೀ ಚಿತ್ರವನ್ನು ನೇರ ಮಾಡುತ್ತ ಕೂರಬೇಡಿ. ಹಲಗೆಯ ನಾಲ್ಕು ಮೂಲೆಯ ಗುರುತು, ಮೀನಿನ ಎರಡು ತುದಿ, ಆರು ಬಿಂದು ಸಾಕು:

```
p = cv2.undistortPoints(pts, K, D, P=K)
M = cv2.getPerspectiveTransform(p[:4].reshape(4, 2), board)
q = cv2.perspectiveTransform(p[4:], M)
L = np.linalg.norm(q[0] - q[1])
```

`K`, `D` ಎಂದರೆ ಕ್ಯಾಲಿಬ್ರೇಷನ್ ಕೊಟ್ಟ ಲೆನ್ಸಿನ ಲೆಕ್ಕ, `pts` ಎಂದರೆ ಫೋಟೋದಲ್ಲಿನ ಆ ಆರು ಬಿಂದು, ಇದೇ ಕ್ರಮದಲ್ಲಿ, `board` ಎಂದರೆ ನಾಲ್ಕು ಗುರುತುಗಳು ಹಲಗೆಯ ಮೇಲಿರುವ ನಿಜವಾದ ಜಾಗ, ಸೆಂ.ಮೀ.ನಲ್ಲಿ. `pts`, `board` ಎರಡೂ `float32` ಇರಲಿ. ಪೈಪು ಸ್ವಲ್ಪ ವಾಲಿದ್ದರೆ ಆ ಓರೆ ಎರಡನೇ ಸಾಲಿನಲ್ಲಿ ಹೋಗುತ್ತದೆ.

ಈಗ ನಿಜವಾದ ಕಥೆ. ಟ್ರಾಲಿಂಗ್ ನಿಷೇಧದ ಮಳೆಗಾಲದಲ್ಲಿ ಮನೆಯಲ್ಲಿ ಕುಳಿತು ಇಷ್ಟೆಲ್ಲ ಸರಿ ಮಾಡಿ, ಆಗಸ್ಟಿನಲ್ಲಿ ದಕ್ಕೆಗೆ ಹೋದೆ. ಟೇಪಿನಲ್ಲಿ ಸರಿಯಾಗಿ 60 ಸೆಂ.ಮೀ. ಇದ್ದ ಅಂಜಲ್ ಹಲಗೆಯ ನಡುವೆ. ಹಳೆಯ ಒರಟು ವಿಧಾನದಲ್ಲಿ ಅದು 60.6 ಬರುತ್ತಿತ್ತು. ಲೆನ್ಸ್ ಸರಿ ಮಾಡಿದ ಹೊಸ ವಿಧಾನದಲ್ಲಿ 63ರ ಮೇಲೆ! ಭಾವ ಏನೂ ಹೇಳಲಿಲ್ಲ, ಟೇಪ್ ಮಡಚಿ ಕಿಸೆಗೆ ಹಾಕಿಕೊಂಡರು, ಅಷ್ಟೆ. ಲೆಕ್ಕದ ಹಿರಿಯರಂತೂ, ‘ಇನ್ನೆರಡು ಸಲ ಸರಿ ಮಾಡು, ಅಂಜಲ್ ತಿಮಿಂಗಿಲ ಆಗ್ತದೆ’ ಅಂದರು.

ಮೂರು ರಾತ್ರಿ ಕೋಡಿನಲ್ಲೇ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ. ಹಲಗೆಯ ಮೇಲೆ ಬರೀ ಸ್ಟೀಲ್ ಸ್ಕೇಲ್ ಇಟ್ಟು ಅಳೆದರೆ ಮೂಲೆಯಲ್ಲೂ ಕೂದಲೆಳೆಯಷ್ಟು ಸರಿ. ಅದೇ ಸ್ಕೇಲನ್ನು ಬೆಂಕಿಪೊಟ್ಟಣದ ಮೇಲೆ ಇಟ್ಟಾಗ ಉದ್ದ ಬೆಳೆಯಿತು! ಮೀನು ಕಾಗದವಲ್ಲ. ಮಲಗಿದ ಅಂಜಲಿನ ಮೂತಿ ಹಲಗೆಗೆ ತಾಗುವುದಿಲ್ಲ, ಮೈ ದಪ್ಪದ ಅರ್ಧದಷ್ಟು ಎತ್ತರದಲ್ಲಿರುತ್ತದೆ. ಏಳು ಸೆಂ.ಮೀ. ದಪ್ಪ ಎಂದರೆ ಮೂತಿ 3.5 ಸೆಂ.ಮೀ. ಮೇಲೆ, ಕ್ಯಾಮೆರಾಕ್ಕೆ ಅಷ್ಟು ಹತ್ತಿರ, ಅಷ್ಟು ದೊಡ್ಡದು. 70ನ್ನು 66.5ರಿಂದ ಭಾಗಿಸಿ ನೋಡಿ, ಶೇ. 5 ಹೆಚ್ಚು. ಹಳೆಯ ಲೆಕ್ಕದಲ್ಲಿ ಲೆನ್ಸ್ ಎರಡು ತುದಿಯನ್ನೂ ಒಳಗೆ ಎಳೆದು ಸುಮಾರು ಅಷ್ಟೇ ಕುಗ್ಗಿಸುತ್ತಿತ್ತು. ಒಂದು ತಪ್ಪು ಇನ್ನೊಂದನ್ನು ಮುಚ್ಚಿತ್ತು. ನಾನು ಒಂದನ್ನು ಮಾತ್ರ ತೆಗೆದಿದ್ದೆ, ಇನ್ನೊಂದು ಬತ್ತಲಾಗಿ ನಿಂತಿತು.

ಹಾಗಾಗಿ ಕೊನೆಗೆ ಒಂದೇ ಸಾಲು ಸೇರಿತು:

```
L = L * (H - h) / H
```

`H` ಲೆನ್ಸಿನಿಂದ ಹಲಗೆಗೆ, `h` ಹಲಗೆಯಿಂದ ಮೀನಿನ ನಡುದಪ್ಪಕ್ಕೆ. 63.2ನ್ನು 66.5ರಿಂದ ಗುಣಿಸಿ 70ರಿಂದ ಭಾಗಿಸಿದರೆ 60. `H` ಒಂದು ಸೆಂ.ಮೀ. ಆಚೀಚೆ ಆದರೆ ಏನೂ ಆಗುವುದಿಲ್ಲ. `h` ಒಂದು ಸೆಂ.ಮೀ. ತಪ್ಪಿದರೆ 60ರ ಮೀನಿನಲ್ಲಿ ಸುಮಾರು ಒಂಬತ್ತು ಮಿ.ಮೀ. ಹೋಯಿತು. ಲೆಕ್ಕ ಬೇಡ ಎನ್ನುವವರು ನಾಲ್ಕು ಗುರುತುಗಳನ್ನೇ ಮರದ ತುಂಡಿನ ಮೇಲೆ ನಡುದಪ್ಪದ ಎತ್ತರಕ್ಕೆ ಏರಿಸಿ. ನಾನು ತೆಂಗಿನ ಮರದ ತುಂಡು ಮೂರು ಅಳತೆಯಲ್ಲಿ ಕೊಯ್ಯಿಸಿಟ್ಟಿದ್ದೇನೆ, ಕೊಯ್ದ ಕೂಲಿ ಇನ್ನೂರು ರೂಪಾಯಿ.

ಮೇಲಿಂದ ಹೊಡೆದ ಫೋಟೋದಲ್ಲಿ ದಪ್ಪ ಕಾಣುವುದಿಲ್ಲವಲ್ಲ, `h` ಹೇಗೆ ಸಿಕ್ಕಿತು ಎಂದು ಕೇಳಬೇಡಿ. ಮೀನಿನ ಅಗಲಕ್ಕೂ ದಪ್ಪಕ್ಕೂ ಜಾತಿಗೊಂದು ಸಂಬಂಧ ಇದೆ. ನಲವತ್ತೋ ಏನೋ ಅಂಜಲ್ ಅಡ್ಡ ಕೊಯ್ದಾಗ ನೋಡಿ ನಾನು ಬರೆದಿಟ್ಟ ಸಂಖ್ಯೆ ನನ್ನ ಹತ್ತಿರವೇ ಇರಲಿ.

ಇದೇ ತಲೆಯಲ್ಲಿಟ್ಟುಕೊಂಡು ಗಾಳ ಹಾಕುವ ಗೆಳೆಯನೊಬ್ಬನ ಫೋಟೋ ಪರೀಕ್ಷೆ ಮಾಡಿದೆ. ಕ್ಯಾಮೆರಾದಿಂದ ಎರಡು ಮೀಟರ್ ದೂರ ನಿಂತು, ಮೀನನ್ನು 60 ಸೆಂ.ಮೀ. ಮುಂದಕ್ಕೆ ಚಾಚಿ ಹಿಡಿದಿದ್ದ. ಅವನ ಎತ್ತರವನ್ನೇ ಸ್ಕೇಲ್ ಮಾಡಿಕೊಂಡರೆ ಮೀನು ಒಂದು ಮೀಟರ್, ಸರಿಯಾಗಿ ಲೆಕ್ಕ ಹಾಕಿದರೆ 70 ಸೆಂ.ಮೀ. ಅವನು ಈಗ ನನಗೆ ಫೋಟೋ ಕಳಿಸುವುದಿಲ್ಲ. ಗದ್ದೆಬದಿಯ ಹೆಬ್ಬಾವೊಂದರ ಮೇಲೂ ಪ್ರಯತ್ನಿಸಿದೆ. ಬಳುಕಿದ ಮೈಯನ್ನು ಹದಿನೈದು ತುಂಡು ಗೆರೆ ಮಾಡಿ ಕೂಡಿಸಿದೆ. ಆದರೆ ಸುರುಳಿಯ ಮೇಲೆ ಸುರುಳಿ ಬಿದ್ದಲ್ಲಿ `h` ಒಂದಲ್ಲ, ಹತ್ತು. ಕೈಬಿಟ್ಟೆ.

ಕಳೆದ ತಿಂಗಳು 38 ಅಂಜಲ್ ಟೇಪಿನಲ್ಲೂ ಫೋಟೋದಲ್ಲೂ ಅಳೆದೆವು. ಟೇಪ್ ಹಿಡಿದದ್ದು ಲೆಕ್ಕದ ಹಿರಿಯರೇ. ಎರಡು ಬಿಟ್ಟು ಉಳಿದದ್ದೆಲ್ಲ ಒಂದು ಸೆಂ.ಮೀ. ಒಳಗೆ. ಆ ಎರಡು ಆಗಷ್ಟೇ ಸತ್ತವು, ಮೈ ಇನ್ನೂ ಸೆಟೆದಿರಲಿಲ್ಲ, ಬಾಲ ಜೋತು ಹಲಗೆಗೆ ತಾಗಿತ್ತು. ಮೂತಿ ಮೇಲೆ, ಬಾಲ ಕೆಳಗೆ, ನನ್ನ ಸಾಲು ಬಾಲವನ್ನೂ ಮೇಲೆಯೇ ಇದೆ ಎಂದುಕೊಂಡು ಒಂದೂವರೆ ಸೆಂ.ಮೀ. ಕಡಿಮೆ ತೋರಿಸಿತು. ಈಗ ಬಾಲದ ಬುಡಕ್ಕೆ ಒಂದು ಸಣ್ಣ ತುಂಡು ಕೊಟ್ಟು ಎತ್ತಿ ಇಡುತ್ತೇವೆ. ಆ ತುಂಡನ್ನು ಜೋಡಿಸಿ ಇಡುವ ಕೆಲಸ ಹಿರಿಯರೇ ವಹಿಸಿಕೊಂಡಿದ್ದಾರೆ, ನಾನು ಕೈ ಹಾಕಿದರೆ ಬೈಯುತ್ತಾರೆ.